ಯಾರು ಏನು ಮಾಡಬೇಕು, ಬಿಟ್ಟು ಹೋಗುವಾಗ ಏನಾಗಬೇಕು: ಎರಡು ಸಂಸ್ಥೆಗಳ ಎಂಒಯು ಬರೆಯುವ ಬಗೆ

ಕೆಲವು ವರ್ಷಗಳ ಹಿಂದೆ ನಮ್ಮ ಸಂಸ್ಥೆ ಇನ್ನೊಂದು ಸಂಸ್ಥೆಯ ಜೊತೆ ಎಂಒಯು, ಅಂದರೆ ಒಡಂಬಡಿಕೆ ಪತ್ರ, ಮಾಡಿಕೊಂಡಿತ್ತು. ಯಂತ್ರ ನಮ್ಮದು, ಕೋಣೆ ಅವರದು. ಅದರಲ್ಲಿ ಹೀಗೊಂದು ಸಾಲಿತ್ತು: "ಯಂತ್ರದ ನಿರ್ವಹಣೆಯನ್ನು ಉಭಯ ಸಂಸ್ಥೆಗಳು ಪರಸ್ಪರ ಸಹಕಾರದಿಂದ ನೋಡಿಕೊಳ್ಳತಕ್ಕದ್ದು." ಸಹಿ ಹಾಕುವ ದಿನ ಎಲ್ಲರಿಗೂ ಆ ಸಾಲು ಹಿಡಿಸಿತ್ತು. ಎರಡನೇ ವರ್ಷ ಮೋಟಾರ್ ಸುಟ್ಟಿತು. ನಾವು ಅವರು ರಿಪೇರಿ ಮಾಡಿಸುತ್ತಾರೆ ಅಂದುಕೊಂಡೆವು, ಅವರು ನಾವು ಮಾಡಿಸುತ್ತೇವೆ ಅಂದುಕೊಂಡರು. ಒಂದು ಹಂಗಾಮು ಪೂರ್ತಿ ಯಂತ್ರ ಬೀಗ ಹಾಕಿದ ಕೋಣೆಯಲ್ಲೇ ಕೂತಿತು. ವಾಪಸ್ ತರೋಣ ಅಂದರೆ, ತರಲು ಯಾರು ಲಾರಿ ಕಳಿಸಬೇಕು ಅಂತಲೂ ಬರೆದಿರಲಿಲ್ಲ. ಆ ಎಂಒಯು ಬರೆದವರಲ್ಲಿ ನಾನೂ ಒಬ್ಬ. ಅಂದಿನಿಂದ ಎರಡು ವಿಷಯಕ್ಕೆ ಜಾಸ್ತಿ ಸಮಯ ಕೊಡುತ್ತೇನೆ: ಕೆಲಸದ ಹಂಚಿಕೆ ಮತ್ತು ಹೊರಬರುವ ಷರತ್ತು.

ಇದನ್ನು ಒಂದು ಉದಾಹರಣೆ ಹಿಡಿದೇ ಹೇಳುತ್ತೇನೆ. ಶಿರಸಿಯಲ್ಲಿ ಒಂದು ಪದವಿ ಕಾಲೇಜು, ಕುಮಟಾದಲ್ಲಿ ಜೇನು ಸಾಕುವವರ ಒಂದು ಸಹಕಾರಿ ಸಂಘ ಅಂತ ಇಟ್ಟುಕೊಳ್ಳೋಣ. ಸಂಘ 2,40,000 ರೂಪಾಯಿಯ ಜೇನು ಸಂಸ್ಕರಣಾ ಯಂತ್ರ ತರುತ್ತದೆ. ಕಾಲೇಜು ಕೋಣೆ, ಕರೆಂಟು ಮತ್ತು ಪ್ರಯೋಗಾಲಯ ಕೊಡುತ್ತದೆ, ಕರೆಂಟು ಬಿಲ್ಲಿನಲ್ಲಿ ಒಂದು ಪಾಲು ಸಂಘದ್ದು. ವಿದ್ಯಾರ್ಥಿಗಳು ಅಲ್ಲಿ ಇಂಟರ್ನ್‌ಶಿಪ್ ಮಾಡುತ್ತಾರೆ, ಜೇನಿನ ತೇವಾಂಶ ಅಳೆದು ಕೊಡುತ್ತಾರೆ. ಆಹಾರ ಸುರಕ್ಷತಾ ನಿಯಮದ ಪ್ರಕಾರ ಜೇನಿನಲ್ಲಿ ತೇವಾಂಶ ಶೇಕಡಾ 20 ದಾಟಬಾರದು. ನಮ್ಮ ಕಡೆಯ ತುಡುವೆ ಜೇನು ತೆಳ್ಳಗಿರುವುದರಿಂದ ಈ ಅಳತೆ ಸಂಘಕ್ಕೆ ನಿಜವಾಗಿ ಬೇಕು.

ಮೊದಲು: ಸಹಿ ಹಾಕುವವರು ಯಾರು?

ಇಲ್ಲೇ ಬಹಳ ಜನ ಎಡವುತ್ತಾರೆ. ಖಾಸಗಿ ಕಾಲೇಜಿಗೆ ಕಾನೂನಿನ ಕಣ್ಣಲ್ಲಿ ಸಾಮಾನ್ಯವಾಗಿ ತನ್ನದೇ ಅಸ್ತಿತ್ವ ಇರುವುದಿಲ್ಲ. ಅದನ್ನು ನಡೆಸುವ ಶಿಕ್ಷಣ ಸಂಸ್ಥೆ ಅಥವಾ ಟ್ರಸ್ಟ್‌ಗೆ ಇರುತ್ತದೆ. ಪ್ರಾಂಶುಪಾಲರು ಒಬ್ಬರೇ ಸಹಿ ಹಾಕಿದರೆ, ನಾಳೆ ಆಡಳಿತ ಮಂಡಳಿ "ನಮಗೆ ಗೊತ್ತೇ ಇಲ್ಲ" ಅನ್ನಬಹುದು. ಸಹಕಾರಿ ಸಂಘದ ಕಥೆ ಬೇರೆ. ನೋಂದಣಿಯಾದ ಸಂಘ ತನ್ನ ಹೆಸರಿನಲ್ಲೇ ಒಪ್ಪಂದ ಮಾಡಬಹುದು. ಆದರೆ ಕಾರ್ಯದರ್ಶಿಗೆ ಸಹಿ ಹಾಕುವ ಅಧಿಕಾರ ಕೊಟ್ಟ ಠರಾವು ಬೇಕು.

ಆದ್ದರಿಂದ ಮೊದಲ ಪ್ಯಾರಾದಲ್ಲೇ ಶಿಕ್ಷಣ ಸಂಸ್ಥೆಯ ನೋಂದಾಯಿತ ಹೆಸರು, ಅದು ನಡೆಸುವ ಕಾಲೇಜಿನ ಹೆಸರು, ಸಹಿ ಹಾಕುವವರ ಹುದ್ದೆ, ಠರಾವಿನ ನಂಬರು ಮತ್ತು ತಾರೀಕು ಬರೆಯಿರಿ. ಠರಾವಿನ ನಕಲು ಪ್ರತಿ ಹಿಂದೆ ಲಗತ್ತಿಸಿ. ಅಲ್ಲಿಂದ ಮುಂದೆ "ಮೊದಲನೇ ಪಕ್ಷ", "ಎರಡನೇ ಪಕ್ಷ" ಬೇಡವೇ ಬೇಡ. ನಾಲ್ಕನೇ ಪುಟಕ್ಕೆ ಬರುವಷ್ಟರಲ್ಲಿ ಯಾರು ಮೊದಲನೆಯವರು ಅನ್ನುವುದು ಮರೆತುಹೋಗುತ್ತದೆ. "ಇನ್ನು ಮುಂದೆ ಕಾಲೇಜು", "ಇನ್ನು ಮುಂದೆ ಸಂಘ" ಅಂತ ಒಮ್ಮೆ ಹೇಳಿ, ಕೊನೆಯವರೆಗೆ ಆ ಎರಡೇ ಪದ ಬಳಸಿ.

"ಇದು ಎಂಒಯು ಅಷ್ಟೇ, ಕೋರ್ಟಿಗೆ ಬರಲ್ಲ" ಅನ್ನುವವರೂ ಇದ್ದಾರೆ. ಹಾಗಲ್ಲ. ತಲೆಬರಹ ಏನೇ ಇರಲಿ, ಒಳಗೆ ಬರೆದದ್ದು 1872ರ ಭಾರತೀಯ ಒಪ್ಪಂದ ಕಾಯ್ದೆಯ ಪ್ರಕಾರ ಒಪ್ಪಂದದಂತಿದ್ದರೆ ಅದು ಒಪ್ಪಂದವೇ. ಅದೇ ಕಾಯ್ದೆಯ 29ನೇ ಕಲಮು ಇನ್ನೊಂದು ಮಾತು ಹೇಳುತ್ತದೆ: ಅರ್ಥ ಖಚಿತವಿಲ್ಲದ, ಖಚಿತ ಮಾಡಿಕೊಳ್ಳಲೂ ಆಗದ ಒಪ್ಪಂದ ನಿಲ್ಲುವುದಿಲ್ಲ. ಅಂದರೆ ಮಸುಕಾಗಿ ಬರೆದ ಸಾಲು ಯಾರನ್ನೂ ಕಾಯುವುದಿಲ್ಲ. ಯಾವ ಕಲಮುಗಳಿಗೆ ಇಬ್ಬರೂ ಬದ್ಧ, ಯಾವುದು ಬರೀ ಆಶಯ ಅನ್ನುವುದನ್ನು ಒಂದು ಸಾಲಿನಲ್ಲಿ ಸ್ಪಷ್ಟವಾಗಿ ಹೇಳಿಬಿಡಿ.

ಕೆಲಸದ ಹಂಚಿಕೆ: ಕರ್ತೃ ಇಲ್ಲದ ವಾಕ್ಯ ಹುಡುಕಿ

ನಮ್ಮ ಕನ್ನಡದಲ್ಲಿ ಒಂದು ಅನುಕೂಲ ಇದೆ. ಮಾಡುವವರ ಹೆಸರು ಹೇಳದೆಯೇ ವಾಕ್ಯ ಮುಗಿಸಬಹುದು. "ಮಾದರಿಗಳನ್ನು ಪರೀಕ್ಷಿಸಲಾಗುವುದು", "ವರದಿಯನ್ನು ಒದಗಿಸಲಾಗುವುದು", "ಕ್ರಮ ಕೈಗೊಳ್ಳಲಾಗುವುದು". ಕಚೇರಿ ಪತ್ರಕ್ಕೆ ಇದು ನಡೆಯುತ್ತದೆ. ಎಂಒಯುಗೆ ಇದು ವಿಷ. ಹಾಗಾಗಿ ಕರಡು ಸಿದ್ಧವಾದ ಮೇಲೆ ಒಂದು ಪೆನ್ಸಿಲ್ ತೆಗೆದುಕೊಂಡು "ಲಾಗುವುದು" ಅಂತ ಮುಗಿಯುವ ಪ್ರತಿ ಸಾಲಿಗೂ ಗುರುತು ಹಾಕುತ್ತೇನೆ. ಪ್ರತಿ ಗುರುತಿನ ಎದುರು "ಯಾರು?" ಅಂತ ಬರೆಯುತ್ತೇನೆ. ಉತ್ತರ ಸಿಗದ ಸಾಲನ್ನು ಮತ್ತೆ ಬರೆಯುತ್ತೇನೆ.

ಇನ್ನೊಂದು "ಸದರಿ". ಈ ಸಾಲು ನೋಡಿ: "ಸಂಘವು ಕಾಲೇಜಿಗೆ ಯಂತ್ರವನ್ನು ನೀಡಿದ್ದು, ಸದರಿಯವರೇ ಅದರ ಸುರಕ್ಷತೆಯ ಹೊಣೆ ಹೊರತಕ್ಕದ್ದು." ಸದರಿಯವರು ಅಂದರೆ ಕೊಟ್ಟವರೋ, ಇಟ್ಟುಕೊಂಡವರೋ? ಸಂಘದವರು ಓದಿದರೆ ಕಾಲೇಜು, ಕಾಲೇಜಿನವರು ಓದಿದರೆ ಸಂಘ. "ಸದರಿ", "ಮೇಲ್ಕಂಡವರು", "ಸಂಬಂಧಪಟ್ಟವರು" ಮೂರನ್ನೂ ತೆಗೆದು ಹೆಸರು ಹಾಕಿ. ಒಂದೇ ಹೆಸರು ನಾಲ್ಕು ಸಲ ಬಂದರೂ ಪರವಾಗಿಲ್ಲ, ಇದು ಪ್ರಬಂಧ ಅಲ್ಲವಲ್ಲ.

ಕ್ರಿಯಾಪದವನ್ನೂ ಗಮನಿಸಿ. ಮಾಡಲೇಬೇಕಾದ ಕೆಲಸಕ್ಕೆ "ತಕ್ಕದ್ದು" ಅಥವಾ "ಬೇಕು". ಇಷ್ಟ ಇದ್ದರೆ ಮಾಡುವುದಕ್ಕೆ "ಬಹುದು". "ಕಾಲೇಜು ವರದಿ ನೀಡಬಹುದು" ಅಂದರೆ ಕೊಡದಿದ್ದರೂ ತಪ್ಪಿಲ್ಲ. ಸೌಜನ್ಯಕ್ಕೆ ಅಂತ "ಬಹುದು" ಬರೆದು ಆಮೇಲೆ ಪಶ್ಚಾತ್ತಾಪ ಪಟ್ಟವರನ್ನು ನೋಡಿದ್ದೇನೆ. "ಸಾಧ್ಯವಾದಷ್ಟು ಬೇಗ", "ಅಗತ್ಯ ಬಿದ್ದಲ್ಲಿ" ಇವೂ ಅಷ್ಟೆ. ಅಗತ್ಯ ಬಿತ್ತು ಅಂತ ತೀರ್ಮಾನಿಸುವವರು ಯಾರು ಅಂತ ಹೇಳದಿದ್ದರೆ ಆ ಪದಕ್ಕೆ ಬೆಲೆ ಇಲ್ಲ.

ಈಗ ನನ್ನನ್ನು ಕಾಡಿದ ಆ ನಿರ್ವಹಣೆಯ ಸಾಲನ್ನೇ ಸರಿ ಮಾಡೋಣ. ಒಂದು ವಾಕ್ಯ ನಾಲ್ಕಾಗುತ್ತದೆ:

> ಯಂತ್ರ ಕೆಟ್ಟ ದಿನವೇ ಕಾಲೇಜು ಸಂಘಕ್ಕೆ ಇಮೇಲ್ ಮೂಲಕ ತಿಳಿಸತಕ್ಕದ್ದು. ಇಮೇಲ್ ಬಂದ ಮರುದಿನದಿಂದ 7 ದಿನಗಳ ಒಳಗೆ ಸಂಘ ಮೆಕ್ಯಾನಿಕ್ ಕರೆಸತಕ್ಕದ್ದು. ರಿಪೇರಿಯ ಖರ್ಚನ್ನು ಸಂಘ ಕೊಡತಕ್ಕದ್ದು. ಕಾಲೇಜಿನ ಸಿಬ್ಬಂದಿ ಅಥವಾ ವಿದ್ಯಾರ್ಥಿಯ ತಪ್ಪು ಬಳಕೆಯಿಂದ ಕೆಟ್ಟಿದೆ ಎಂದು ಮೆಕ್ಯಾನಿಕ್ ಬರೆದುಕೊಟ್ಟರೆ ಮಾತ್ರ ಆ ರಿಪೇರಿಯ ಖರ್ಚನ್ನು ಕಾಲೇಜು ಕೊಡತಕ್ಕದ್ದು; 10,000 ರೂಪಾಯಿ ಮೀರಿದ ಭಾಗ ಸಂಘದ್ದು.

ಯಾರು, ಏನು, ಎಷ್ಟರೊಳಗೆ, ದುಡ್ಡು ಯಾರದು, ಪುರಾವೆ ಏನು. ಈ ಐದೂ ಇದ್ದರೆ ಸಾಲು ನಿಲ್ಲುತ್ತದೆ. ಇಲ್ಲಿ ಪುರಾವೆ ಅಂದರೆ ಇಮೇಲ್ ಮತ್ತು ಮೆಕ್ಯಾನಿಕ್ ಚೀಟಿ. ಪುರಾವೆ ಬರೆಯದಿದ್ದರೆ "ಹೇಳಿದ್ದೆವು", "ಹೇಳೇ ಇಲ್ಲ" ಅನ್ನುವ ಜಗಳ ಶುರುವಾಗುತ್ತದೆ.

ಇದೇ ಅಳತೆಗೋಲಿನಿಂದ ಉಳಿದ ಕೆಲಸಗಳನ್ನೂ ನೋಡಿ. "ಸಂಘ ಮಾದರಿ ಕಳಿಸತಕ್ಕದ್ದು" ಅಂದರೆ ಸಾಲದು. ಕುಮಟಾದಿಂದ ಶಿರಸಿಗೆ ದೇವಿಮನೆ ಘಟ್ಟ ಹತ್ತಿ ಬರಬೇಕು. ಬಾಟಲಿ ತರುವವರು ಯಾರು, ಬಸ್ಸಿನ ಪಾರ್ಸೆಲ್ ಖರ್ಚು ಯಾರದು, ದಾರಿಯಲ್ಲಿ ಒಡೆದರೆ ಯಾರ ಲೆಕ್ಕಕ್ಕೆ? "ಮಾದರಿ ಕಾಲೇಜಿನ ಪ್ರಯೋಗಾಲಯದ ರಿಜಿಸ್ಟರಿನಲ್ಲಿ ದಾಖಲಾಗುವವರೆಗೆ ಎಲ್ಲ ಖರ್ಚು ಮತ್ತು ಹೊಣೆ ಸಂಘದ್ದು, ದಾಖಲಾದ ಮರುದಿನದಿಂದ 3 ಕೆಲಸದ ದಿನಗಳ ಒಳಗೆ ಕಾಲೇಜು ವರದಿ ಕೊಡತಕ್ಕದ್ದು" ಅಂತ ಬರೆದರೆ ಹೊಣೆ ಎಲ್ಲಿ ಕೈ ಬದಲಾಗುತ್ತದೆ ಅನ್ನುವುದು ಕಾಣುತ್ತದೆ. ರಿಜಿಸ್ಟರಿನ ಆ ಒಂದು ಗೆರೆಯೇ ಗಡಿ.

ಮಾಡದ ಕೆಲಸವನ್ನೂ ಬರೆಯಿರಿ. ಕಾಲೇಜಿನ ಪ್ರಯೋಗಾಲಯಕ್ಕೆ ಎನ್‌ಎಬಿಎಲ್ ಅನ್ನುವ ರಾಷ್ಟ್ರೀಯ ಮಂಡಳಿಯ ಮಾನ್ಯತೆ ಇಲ್ಲ ಅಂದರೆ, "ಕಾಲೇಜಿನ ವರದಿ ಸಂಘದ ಒಳಗಿನ ತಿಳಿವಳಿಕೆಗೆ ಮಾತ್ರ, ಮಾರಾಟದ ಪ್ರಮಾಣಪತ್ರವಾಗಿ ಬಳಸುವಂತಿಲ್ಲ" ಅಂತ ಸೇರಿಸಿ. ಆಹಾರ ಪರವಾನಗಿಯೂ ಹಾಗೆ. ಅದು ಒಂದು ನಿರ್ದಿಷ್ಟ ಜಾಗದ ವಿಳಾಸಕ್ಕೆ ಕೊಡುವಂಥದ್ದು. ಕಾಲೇಜಿನ ಕೋಣೆಯಲ್ಲಿ ಜೇನು ಸಂಸ್ಕರಿಸಿದರೆ ಆ ವಿಳಾಸಕ್ಕೆ ಸಂಘದ ಹೆಸರಿನಲ್ಲಿ ಪರವಾನಗಿ ಬೇಕು. ಅರ್ಜಿ ಹಾಕುವುದು ಸಂಘ, ಜಾಗ ಬಳಸಲು ಒಪ್ಪಿಗೆ ಪತ್ರ ಕೊಡುವುದು ಕಾಲೇಜು. ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಹಾಕಿ.

ದಿನಗಳ ಲೆಕ್ಕ ಮೊದಲೇ ಕಟ್ಟಿಕೊಳ್ಳಿ

"ವರ್ಷ" ಅಂದರೆ ಕಾಲೇಜಿಗೆ ಶೈಕ್ಷಣಿಕ ವರ್ಷ, ಸಂಘಕ್ಕೆ ಮಾರ್ಚ್ 31ಕ್ಕೆ ಮುಗಿಯುವ ಲೆಕ್ಕದ ವರ್ಷ. ಹಾಗಾಗಿ ವರ್ಷದ ಬದಲು ತಾರೀಕನ್ನೇ ಬರೆಯಿರಿ. "ಮೇ 31ರವರೆಗೆ" ಅನ್ನುವುದಕ್ಕಿಂತ "ಮೇ 31ರ ಸಂಜೆ 5 ಗಂಟೆಯವರೆಗೆ" ಒಳ್ಳೆಯದು.

"ಕೆಲಸದ ದಿನ" ಅಂದರೆ ಎರಡೂ ಕಚೇರಿ ತೆರೆದಿರುವ ದಿನವೋ, ಒಂದೇ ತೆರೆದಿದ್ದರೆ ಸಾಕೋ? ಎರಡು ವರ್ಷಕ್ಕೊಮ್ಮೆ ಶಿರಸಿಯಲ್ಲಿ ಮಾರಿಕಾಂಬಾ ಜಾತ್ರೆ ಬರುತ್ತದೆ. ಆ ವಾರ ಶಿರಸಿಯ ಕಾಲೇಜಿಗೂ ಕುಮಟಾದ ಸಂಘಕ್ಕೂ ಕ್ಯಾಲೆಂಡರ್ ಒಂದೇ ಆಗಿರುವುದಿಲ್ಲ. ನಾನು "ಕೆಲಸದ ದಿನ" ಅನ್ನುವುದನ್ನು ವರದಿ, ಪರೀಕ್ಷೆಯಂಥ ಸಣ್ಣ ಕೆಲಸಕ್ಕೆ ಮಾತ್ರ ಇಟ್ಟುಕೊಳ್ಳುತ್ತೇನೆ, ಅದೂ "ಕಾಲೇಜಿನ ಕಚೇರಿ ತೆರೆದಿರುವ ದಿನ" ಅಂತ ಬಿಡಿಸಿ ಹೇಳಿ. ನೋಟಿಸಿಗೆ ಯಾವಾಗಲೂ ಬರೀ ದಿನಗಳ ಲೆಕ್ಕ.

ಹೊರಬರುವ ಷರತ್ತು: ತಾರೀಕು ಹಾಕಿ ನಡೆಸಿ ನೋಡಿ

ಸಾಮಾನ್ಯವಾಗಿ ಕಾಣುವ ಸಾಲು ಇದು: "ಯಾವುದೇ ಪಕ್ಷ ಎರಡು ತಿಂಗಳ ಮುಂಚಿತ ನೋಟಿಸ್ ನೀಡಿ ಒಡಂಬಡಿಕೆ ರದ್ದುಪಡಿಸಬಹುದು." ನೋಡಲು ಸರಿಯಾಗಿದೆ. ಈಗ ಇದಕ್ಕೆ ಒಂದು ತಾರೀಕು ಕೊಡಿ. ಮಾರ್ಚ್ 7ರಂದು ಕಾಲೇಜು ನೋಟಿಸ್ ಬರೆಯಿತು, ಮಾರ್ಚ್ 10ಕ್ಕೆ ಅದು ಕುಮಟಾ ತಲುಪಿತು. ಎರಡು ತಿಂಗಳು ಯಾವತ್ತಿಗೆ ಮುಗಿಯುತ್ತದೆ? ಬರೆದ ದಿನದಿಂದ ಎಣಿಸಿದರೆ ಮೇ 7. ತಲುಪಿದ ದಿನದಿಂದ ಎಣಿಸಿದರೆ ಮೇ 9 ಅಥವಾ 10. 60 ಕೆಲಸದ ದಿನ ಅಂತ ಯಾರಾದರೂ ಹಟ ಹಿಡಿದರೆ, ಭಾನುವಾರ ಕಳೆದೇ ಮೇ 19ರ ಆಸುಪಾಸಿಗೆ ಹೋಗುತ್ತದೆ, ಯುಗಾದಿಯಂಥ ರಜೆ ಬೇರೆ. ಒಂದು ಸಾಲಿಗೆ ನಾಲ್ಕು ಉತ್ತರ.

ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಯಾವ ಉತ್ತರ ಹಿಡಿದರೂ ಕೊನೆ ಮೇ ತಿಂಗಳಲ್ಲೇ ಬೀಳುತ್ತದೆ. ಮಳೆ ಹಿಡಿಯುವ ಮೊದಲು ಜೇನು ತೆಗೆಯುವ ಕಾಲ ಅದು. ಸಂಘಕ್ಕೆ ಯಂತ್ರ ಅತಿ ಹೆಚ್ಚು ಬೇಕಾದ ಹೊತ್ತಿನಲ್ಲಿ ಕೋಣೆಯ ಬಾಗಿಲು ಮುಚ್ಚುತ್ತದೆ. ಕಾಗದದ ಮೇಲೆ ಬರೀ ಸಂಖ್ಯೆ ಕೂಡಿಸುತ್ತಾ ಕೂತರೆ ಇದು ಹೊಳೆಯುವುದಿಲ್ಲ. ಊರಿನ ಹಂಗಾಮಿನ ಮೇಲೆ ಇಟ್ಟು ನೋಡಿದಾಗ ಕಾಣುತ್ತದೆ. ಆದ್ದರಿಂದ ನಾನು ಹೀಗೆ ಬರೆಯುತ್ತೇನೆ:

> ಕಾಲೇಜು ಅಥವಾ ಸಂಘ ಕಾರಣ ಹೇಳದೆ, 60 ದಿನಗಳ ಲಿಖಿತ ನೋಟಿಸ್ ಕೊಟ್ಟು ಈ ಒಡಂಬಡಿಕೆಯಿಂದ ಹೊರಬರಬಹುದು. ನೋಟಿಸ್ ತಲುಪಿದ ಮರುದಿನ 1ನೇ ದಿನ. ಭಾನುವಾರ ಮತ್ತು ರಜೆಗಳೂ ಎಣಿಕೆಗೆ ಸೇರುತ್ತವೆ. 60ನೇ ದಿನ ಸಂಜೆ 5 ಗಂಟೆಗೆ ಒಡಂಬಡಿಕೆ ಮುಗಿಯುತ್ತದೆ. ಆ 60ನೇ ದಿನ ಫೆಬ್ರವರಿ 1ರಿಂದ ಮೇ 31ರ ಒಳಗೆ (ಎರಡೂ ದಿನ ಸೇರಿ) ಬಿದ್ದರೆ, ಒಡಂಬಡಿಕೆ ಆ ಮೇ 31ರ ಸಂಜೆ 5 ಗಂಟೆಗೆ ಮುಗಿಯುತ್ತದೆ.

ಈಗ ಎಣಿಸಿ. ಮಾರ್ಚ್ 11 ಒಂದನೇ ದಿನ. ಮಾರ್ಚ್ 31ಕ್ಕೆ 21 ದಿನ, ಏಪ್ರಿಲ್ ಕೊನೆಗೆ 51, ಮೇ 9ಕ್ಕೆ 60. ಮೇ 9 ಹಂಗಾಮಿನ ಒಳಗೆ ಬಿತ್ತು, ಹಾಗಾಗಿ ಮೇ 31. ಯಾರು ಎಣಿಸಿದರೂ ಇದೇ ಉತ್ತರ. ಇಲ್ಲಿ "ಹೊರಬರಬಹುದು" ಸರಿಯಾದ ಪದವೇ. ಇದು ಹಕ್ಕು, ಕೆಲಸವಲ್ಲ.

"ತಲುಪಿತು" ಅನ್ನುವುದಕ್ಕೂ ಅರ್ಥ ಕೊಡಬೇಕು. ಕೈಯಲ್ಲಿ ಕೊಟ್ಟರೆ ಸಹಿ ಮತ್ತು ಸೀಲು ಬಿದ್ದ ದಿನ. ಸ್ಪೀಡ್ ಪೋಸ್ಟ್ ಆದರೆ ಅಂಚೆಯವರ ದಾಖಲೆಯಲ್ಲಿ ಬಟವಾಡೆಯಾದ ದಿನ. ತೆಗೆದುಕೊಳ್ಳಲು ಒಪ್ಪದಿದ್ದರೆ ನಿರಾಕರಿಸಿದ ದಿನ. ವಾಟ್ಸಾಪ್ ಮೆಸೇಜು ನೋಟಿಸ್ ಅಲ್ಲ ಅಂತ ನೇರವಾಗಿ ಬರೆಯಿರಿ, ಇಲ್ಲದಿದ್ದರೆ ಸಿಟ್ಟಿನಲ್ಲಿ ಕಳಿಸಿದ ಒಂದು ಸಾಲೂ ನೋಟಿಸ್ ಆಗಿ ನಿಲ್ಲಬಹುದು. ವಿಳಾಸದಲ್ಲಿ ವ್ಯಕ್ತಿಯ ಹೆಸರು ಬೇಡ, ಹುದ್ದೆ ಇರಲಿ. ಕಾರ್ಯದರ್ಶಿ ಬದಲಾಗುತ್ತಾರೆ, ಹುದ್ದೆ ಇರುತ್ತದೆ.

ಅವಧಿ ಮುಗಿಯುವ ಬಗ್ಗೆ ಒಂದೇ ಮಾತು: "ಮುಂದುವರಿಸಬಹುದು" ಅಂತ ಬಿಡಬೇಡಿ. "ಮುಗಿಯುವ ತಾರೀಕಿನ ಮೊದಲು ಇಬ್ಬರೂ ಸಹಿ ಮಾಡಿದ ನವೀಕರಣ ಪತ್ರ ಇಲ್ಲದಿದ್ದರೆ ತಾನಾಗೇ ಮುಗಿಯುತ್ತದೆ" ಅಂತ ಹೇಳಿ.

ತಪ್ಪು ಮಾಡಿದ ಕಾರಣಕ್ಕೆ ಬಿಡುವುದು ಬೇರೆ ದಾರಿ. ಅದಕ್ಕೆ 60 ದಿನ ಕಾಯುವುದು ಕಷ್ಟ. ಆದರೆ "ಗಂಭೀರ ಉಲ್ಲಂಘನೆ" ಅಂತ ಮಾತ್ರ ಬರೆದರೆ ಏನು ಗಂಭೀರ ಅನ್ನುವುದಕ್ಕೇ ಜಗಳ ಆಗುತ್ತದೆ. ನಮ್ಮ ಉದಾಹರಣೆಯಲ್ಲಿ ಮೂರು ಸಾಕು: ಕರೆಂಟು ಬಿಲ್ಲಿನ ಸಂಘದ ಪಾಲು 30 ದಿನ ತಡವಾಗುವುದು, ಒಪ್ಪಿದ ಸಮಯದಲ್ಲಿ ಕೋಣೆ ತೆರೆಯದಿರುವುದು, ಪರವಾನಗಿಯ ಅವಧಿ ಮುಗಿದ ಮೇಲೂ ಸಂಸ್ಕರಣೆ ನಡೆಸುವುದು. ತಪ್ಪು ಯಾವುದು ಅಂತ ಬರೆದ ನೋಟಿಸ್ ತಲುಪಿದ ಮೇಲೆ ಸರಿಪಡಿಸಲು 15 ದಿನ. ಸರಿಯಾಗದಿದ್ದರೆ 16ನೇ ದಿನ ಒಡಂಬಡಿಕೆ ಮುಗಿಯುತ್ತದೆ. ಹಂಗಾಮಿನ ರಕ್ಷಣೆ ಈ ದಾರಿಗೆ ಇರುವುದಿಲ್ಲ ಅಂತಲೂ ಸೇರಿಸಿ. ಇಲ್ಲದಿದ್ದರೆ ಎರಡು ಕಲಮು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ.

ಮುಗಿದ ಮರುದಿನ ಏನೇನು ಎಲ್ಲಿರುತ್ತದೆ?

ನನ್ನ ಅನುಭವದಲ್ಲಿ ಜಗಳ ಹುಟ್ಟುವುದು ಮುಗಿಯುವ ದಿನ ಅಲ್ಲ, ಮರುದಿನ. ಕೋಣೆಯ ಮಧ್ಯೆ ನಿಂತುಕೊಂಡಂತೆ ಕಲ್ಪಿಸಿಕೊಂಡು ಕಣ್ಣಿಗೆ ಬೀಳುವ ಪ್ರತಿ ವಸ್ತುವಿಗೂ ಒಂದು ಸಾಲು ಬರೆಯಿರಿ.

ಯಂತ್ರ ಸಂಘದ್ದು, ಸಾಗಿಸುವ ಖರ್ಚೂ ಸಂಘದ್ದು. ಎಷ್ಟು ದಿನದೊಳಗೆ ಒಯ್ಯಬೇಕು? ಎಲ್ಲರೂ 15 ದಿನ ಅಂತ ಬರೆಯುತ್ತಾರೆ. ಮೇ 31ರಿಂದ 15 ದಿನ ಅಂದರೆ ಜೂನ್ ಮಧ್ಯ. ಮುಂಗಾರು ಹಿಡಿದಿರುತ್ತದೆ, ಆ ಮಳೆಯಲ್ಲಿ ಯಂತ್ರ ಹೇರಿದ ಲಾರಿ ಘಟ್ಟ ಇಳಿಯಬೇಕು. ಅದಕ್ಕೆ ನಾನು ಹೀಗೆ ಸೂಚಿಸುತ್ತೇನೆ: 30 ದಿನ ಬಾಡಿಗೆ ಇಲ್ಲದೆ ಇಟ್ಟುಕೊಳ್ಳುವುದು, ಆಮೇಲೆ ತಿಂಗಳಿಗೆ 500 ರೂಪಾಯಿಯಂತೆ ಅಕ್ಟೋಬರ್ 31ರವರೆಗೆ, ಅಲ್ಲಿಂದ ಮುಂದೆ 2,000. ಯಂತ್ರ ಒಯ್ಯದಿದ್ದರೆ ಕಾಲೇಜು ಮಾರಿಬಿಡಬಹುದು ಅನ್ನುವ ಕಲಮು ಕೆಲವರು ಕೇಳುತ್ತಾರೆ. ನಾನು ಅದಕ್ಕೆ ಒಪ್ಪುವುದಿಲ್ಲ. ಬೇರೆಯವರ ಆಸ್ತಿಯ ಬೆಲೆ ಕಟ್ಟುವ ಇನ್ನೊಂದು ವಿವಾದ ಯಾಕೆ? ಬಾಡಿಗೆ ಏರಿದರೆ ಸಾಕು. ಯಂತ್ರ ತಂದ ದಿನದ ಫೋಟೋ, ಸೀರಿಯಲ್ ನಂಬರು, ಬಿಡಿಭಾಗಗಳ ಪಟ್ಟಿ ಅನುಬಂಧದಲ್ಲಿರಲಿ. ಒಯ್ಯುವ ದಿನ ಅದೇ ಪಟ್ಟಿಗೆ ಇಬ್ಬರೂ ಸಹಿ ಹಾಕಲಿ.

ಯಂತ್ರದೊಳಗೆ ಮತ್ತು ಡಬ್ಬಿಗಳಲ್ಲಿ ಉಳಿದ ಜೇನು ಸಂಘದ್ದು, 3 ದಿನದೊಳಗೆ ಒಯ್ಯಬೇಕು. ಆ ವಿಳಾಸದ ಪರವಾನಗಿಯನ್ನು ಸಂಘ ಹಿಂದಿರುಗಿಸಬೇಕು ಅಥವಾ ಹೊಸ ಜಾಗಕ್ಕೆ ಬೇರೆ ತೆಗೆಸಬೇಕು. ಇದನ್ನು ಬರೆಯದೆ ಬಿಟ್ಟರೆ ಜೇನು ಹೋದ ಮೇಲೂ ಕಾಲೇಜಿನ ವಿಳಾಸ ಸರಕಾರಿ ದಾಖಲೆಯಲ್ಲಿ ಆಹಾರ ಘಟಕವಾಗಿಯೇ ಉಳಿಯುತ್ತದೆ.

ವಿದ್ಯಾರ್ಥಿಗಳ ಕಡೆ ಸ್ವಲ್ಪ ನಿಲ್ಲಿ. ಸೆಮಿಸ್ಟರ್ ಮಧ್ಯೆ ಒಡಂಬಡಿಕೆ ಮುಗಿದರೆ ಇಂಟರ್ನ್‌ಶಿಪ್ ಅರ್ಧಕ್ಕೆ ನಿಲ್ಲುತ್ತದೆ, ಅಂಕ ಸಿಗುವುದಿಲ್ಲ. ಅವರು ಈ ಪತ್ರಕ್ಕೆ ಸಹಿ ಹಾಕಿದವರೂ ಅಲ್ಲ. "ನೋಟಿಸ್ ತಲುಪಿದ ದಿನಕ್ಕೆ ಇಂಟರ್ನ್‌ಶಿಪ್ ಆರಂಭಿಸಿದ್ದ ವಿದ್ಯಾರ್ಥಿಗಳಿಗೆ ಸಂಘ ತನ್ನ ಕುಮಟಾ ಕಚೇರಿಯಲ್ಲಿ ಉಳಿದ ಗಂಟೆಗಳನ್ನು ಪೂರ್ತಿ ಮಾಡಿಸಿ, ಮುಗಿಸಿದ ಮರುದಿನದಿಂದ 10 ದಿನಗಳ ಒಳಗೆ ಪ್ರಮಾಣಪತ್ರ ಕೊಡತಕ್ಕದ್ದು, ಈ ಕಲಮು ಒಡಂಬಡಿಕೆ ಮುಗಿದ ಮೇಲೂ ಜಾರಿಯಲ್ಲಿರುತ್ತದೆ." ಕೊನೆಯ ತುಣುಕು ಮುಖ್ಯ. ಯಾವ ಕಲಮುಗಳು ಉಳಿಯುತ್ತವೆ ಅಂತ ಅವುಗಳ ನಂಬರು ಹಾಕಿ ಹೇಳಿ.

ಪರೀಕ್ಷೆಯ ರಿಜಿಸ್ಟರ್ ಕಾಲೇಜಿನಲ್ಲಿರಲಿ, ನಕಲು ಸಂಘಕ್ಕೆ. ಜೇನು ಕೊಟ್ಟವರ ಹೆಸರು ಬಿಟ್ಟು ಅಂಕಿಗಳನ್ನು ಕಾಲೇಜು ಅಧ್ಯಯನಕ್ಕೆ ಬಳಸಬಹುದು. ಲೇಬಲ್ ಮರೆಯಬೇಡಿ. ಬಾಟಲಿಯ ಮೇಲೆ ಕಾಲೇಜಿನ ಹೆಸರಿದ್ದರೆ, ಮುಗಿದ ದಿನದಿಂದ ಹೊಸ ಲೇಬಲ್ ಅಂಟಿಸುವಂತಿಲ್ಲ, ಮೊದಲೇ ಅಂಟಿಸಿದ ಬಾಟಲಿಗಳನ್ನು 90 ದಿನ ಮಾರಬಹುದು. ಇದಿಲ್ಲದಿದ್ದರೆ ಅಂಗಡಿಯಲ್ಲಿರುವ ಮಾಲು ವಾಪಸ್ ತರಿಸಬೇಕೇ ಅನ್ನುವ ಪ್ರಶ್ನೆ ಏಳುತ್ತದೆ.

ಸಹಿಗೆ ಮೊದಲು ಒಂದು ಪರೀಕ್ಷೆ

ಕರಡು ಬರೆಯುವಾಗ ಇಲ್ಲದಿದ್ದ ಇಬ್ಬರನ್ನು ಕರೆಯಿರಿ. ಕಾಲೇಜಿನಿಂದ ಒಬ್ಬ ಗುಮಾಸ್ತರು, ಸಂಘದಿಂದ ಒಬ್ಬ ಸದಸ್ಯರು. ಬೇರೆ ಬೇರೆ ಕೂರಿಸಿ, ಕರಡು ಕೈಗೆ ಕೊಟ್ಟು ಐದು ಪ್ರಶ್ನೆ ಕೇಳಿ. ಮಾರ್ಚ್ 10ಕ್ಕೆ ನೋಟಿಸ್ ಬಂದರೆ ಯಾವತ್ತು ಮುಗಿಯುತ್ತದೆ? ಏಪ್ರಿಲ್‌ನಲ್ಲಿ ಮೋಟಾರ್ ಸುಟ್ಟರೆ ಯಾರ ದುಡ್ಡು? ಘಟ್ಟದಲ್ಲಿ ಬಾಟಲಿ ಒಡೆದರೆ? ಜುಲೈಯಲ್ಲಿ ಯಂತ್ರ ಇನ್ನೂ ಕೋಣೆಯಲ್ಲೇ ಇದ್ದರೆ? ಅರ್ಧ ಇಂಟರ್ನ್‌ಶಿಪ್ ಮಾಡಿದ ಹುಡುಗಿ ಎಲ್ಲಿಗೆ ಹೋಗಬೇಕು? ಉತ್ತರ ಬರೆದು ಕೊಡಲಿ. ಇಬ್ಬರ ಉತ್ತರ ಬೇರೆಯಾದರೆ ತಪ್ಪು ಅವರದಲ್ಲ, ಸಾಲಿನದು. ಆ ಸಾಲನ್ನು ಮಾತ್ರ ತಿದ್ದಿ, ಮತ್ತೆ ಕೇಳಿ. ಸಾಮಾನ್ಯವಾಗಿ ಎರಡು ಸುತ್ತು ಬೇಕಾಗುತ್ತದೆ.

ಕನ್ನಡ, ಇಂಗ್ಲಿಷ್ ಎರಡರಲ್ಲೂ ಪ್ರತಿ ಇದ್ದರೆ ವ್ಯತ್ಯಾಸ ಬಂದಾಗ ಯಾವುದು ನಡೆಯುತ್ತದೆ ಅಂತ ಒಂದು ಸಾಲು ಹಾಕಿ. ಕೆಲಸ ಮಾಡುವವರು ಓದುವುದು ಕನ್ನಡ ಪ್ರತಿಯನ್ನೇ ಆದರೆ, ಅದೇ ಅಂತಿಮವಾಗಿರಲಿ. ಇ-ಸ್ಟ್ಯಾಂಪ್ ಪೇಪರಿನ ಮೊತ್ತ ಆಗಾಗ ಬದಲಾಗುವುದರಿಂದ ಆ ದಿನದ ದರ ಕೇಳಿಯೇ ತೆಗೆಯಿರಿ. ಕರ್ನಾಟಕ ಸ್ಟ್ಯಾಂಪ್ ಕಾಯ್ದೆಯ 34ನೇ ಕಲಮಿನ ಪ್ರಕಾರ ಸರಿಯಾದ ಸ್ಟ್ಯಾಂಪ್ ಇಲ್ಲದ ಪತ್ರವನ್ನು, ಬಾಕಿ ಮತ್ತು ದಂಡ ತುಂಬುವವರೆಗೆ, ಸಾಕ್ಷ್ಯವಾಗಿ ತೆಗೆದುಕೊಳ್ಳುವುದಿಲ್ಲ. ಎರಡು ಮೂಲ ಪ್ರತಿ ಮಾಡಿ, ಅನುಬಂಧವೂ ಸೇರಿ ಪ್ರತಿ ಪುಟಕ್ಕೂ ಇಬ್ಬರ ಚಿಕ್ಕ ಸಹಿ ಇರಲಿ. ಯಂತ್ರವಿರುವ ಕೋಣೆಯ ಗೋಡೆಗೆ ಒಂದು ನಕಲು ತೂಗುಹಾಕಿ. ಮೋಟಾರ್ ಕೆಟ್ಟ ದಿನ ಅಲ್ಲಿರುವವರು ಹುಡುಕುವುದು ಆ ಪುಟವನ್ನೇ.